ಬಲಕ್ಕೆ ತಿರುಗುವ ಮುನ್ನ

ಬಾಯಾರಿನಿಂದ ಕುಂಬಳೆಯವರೆಗೆ ಲಾಟೀನು ಹಿಡಿದು ಹುಡುಕಿದರೂ ಮೋಟಾರ್ ಸೈಕಲಿನಿಂದ ಕೂಸಪ್ಪನಷ್ಟು ಬೇಗ ಇಳಿಯುವ ಮನುಷ್ಯ ಸಿಗುತ್ತಿರಲಿಲ್ಲ. ಹತ್ತುವುದು ಯಾರಿಗೂ ಬರುತ್ತದೆ. ಇಳಿಯುವುದರಲ್ಲಿ ಅವನು ಇಡೀ ಮದ್ರಾಸು ರಾಜ್ಯಕ್ಕೇ ಒಬ್ಬ. ದಾರಿಯ ಆ ತುದಿಯಲ್ಲಿ ಒಂದು ಜರಿಯ ಶಾಲು ಮಿಂಚಿದರೆ ಸಾಕು, ಶಾಲಿನೊಳಗೆ ಯಾರಿದ್ದಾರೆಂದು ಕಣ್ಣಿಗೆ ತಿಳಿಯುವ ಮೊದಲೇ ಕಾಲಿಗೆ ತಿಳಿದುಬಿಡುತ್ತಿತ್ತು. ಗಾಡಿ ಇನ್ನೂ ಉರುಳುತ್ತಿರುವಾಗಲೇ ಅವನು ನೆಲದ ಮೇಲೆ, ತಲೆಯ ಮುಂಡಾಸು ಕಂಕುಳಲ್ಲಿ, ಎತ್ತಿ ಕಟ್ಟಿದ್ದ ಮುಂಡು ಪಂಚೆ ಪಾದದವರೆಗೆ ಇಳಿದು. ಹಿಂದೆ ಕುಳಿತ ಡಾಕ್ಟರು ಮಾತ್ರ ಗಾಡಿಯ ಜೊತೆ ಇನ್ನೂ ನಾಲ್ಕು ಮಾರು ಮುಂದೆ ಹೋಗಿ ಬೇಲಿಯೊಳಗೆ ನಿಲ್ಲುತ್ತಿದ್ದರು.

ಡಾಕ್ಟರ್ ವೆಂಕಟಕೃಷ್ಣಯ್ಯನವರು ಬಾಯಾರಿನಲ್ಲಿ ಡಿಸ್ಪೆನ್ಸರಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಕೂಸಪ್ಪ ಅವರ ಕಂಪೌಂಡರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲನ್ನು ಡಾಕ್ಟರು ಮಂಗಳೂರಿನಿಂದ ತಂದಿದ್ದರು. ಅದರ ಸದ್ದಿಗೆ ಮೀಂಜದಲ್ಲಿ ಮಲಗಿದ್ದ ಜ್ವರದವರು ಗಾಡಿ ಇನ್ನೂ ಪೈವಳಿಕೆಯಲ್ಲಿರುವಾಗಲೇ ಡಾಕ್ಟರು ಬಂದರೆಂದು ಎದ್ದು ಕುಳಿತು, ಅವರು ಮನೆ ಮುಟ್ಟುವಷ್ಟರಲ್ಲಿ ಅರ್ಧ ಗುಣವಾಗಿರುತ್ತಿದ್ದರಂತೆ. ಬಸ್ಸು ಕಾಣದ ಊರುಗಳಿಗೆಲ್ಲ ಆ ಗಾಡಿಯೇ ಗತಿ. ಆದರೆ ಎರಡು ವರ್ಷದಿಂದ ಡಾಕ್ಟರ ಕಣ್ಣಿಗೆ ಪೊರೆ ಬರತೊಡಗಿತ್ತು. ಆ ಮಳೆಗಾಲದಲ್ಲಿ ಒಂದು ದಿನ ಒಬ್ಬರ ಅಂಗಳಕ್ಕೆ ಗಾಡಿ ನುಗ್ಗಿಸಿ, ಬೈಹುಲ್ಲಿನ ಮೆದೆಯ ಎದುರು ನಿಂತು, ‘ನಾಲಗೆ ತೋರಿಸಿ, ನೋಡುವ’ ಎಂದು ಕಾಲು ಗಂಟೆ ಕಾದರು. ಇದು ಸುಳ್ಳೆನ್ನುವವರು ಆ ಮೆದೆಯನ್ನೇ ಕೇಳಬಹುದು.

ಅಂದಿನಿಂದ ಅವರು ಹ್ಯಾಂಡಲ್ ಮುಟ್ಟಲಿಲ್ಲ. ಕೂಸಪ್ಪನನ್ನು ಕರೆದು ಹೇಳಿದರು.

“ನೋಡು ಮಾರಾಯ, ನೀನು ಲೈಸೆನ್ಸು ತೆಗಿ. ನಾನು ಹಿಂದೆ ಕೂತು ಬರ್ತೇನೆ. ಅದಾಗದಿದ್ರೆ ದೀಪಾವಳಿಗೆ ಬಾಗಿಲು ಹಾಕಿ ಪುತ್ತೂರಿಗೆ ಮಗಳ ಮನೆಗೆ ಹೋಗುದು. ಕುರುಡ ಡಾಕ್ಟ್ರನ ಹತ್ರ ಯಾರು ಬರ್ತಾರೆ? ಬರಬಾರದು ಕೂಡ.”

“ಹಾಗೆ ಹೇಳ್ಬೇಡಿ ಡಾಕ್ಟ್ರೇ.”

“ನಾನು ಹೇಳದಿದ್ರೆ ಕಣ್ಣು ಹೇಳ್ತದೆ.”

ಹನ್ನೊಂದು ವರ್ಷ ಮಿಕ್ಸ್ಚರ್ ಕಲಸಿದ ಕೈಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಡಿಸ್ಪೆನ್ಸರಿ ಮುಚ್ಚಿದರೆ ಹೆರಿಗೆಗೋ ಹಾವಿನ ಕಡಿತಕ್ಕೋ ಜನರು ರೋಗಿಯನ್ನು ಹೊತ್ತುಕೊಂಡು ಉಪ್ಪಳದವರೆಗೆ ನಡೆಯಬೇಕು. ಕೂಸಪ್ಪ ಕೆಂಪು ಅಕ್ಷರದ ‘ಎಲ್’ ಹಲಗೆಯನ್ನು ಗಾಡಿಯ ಮುಂದಕ್ಕೂ ಹಿಂದಕ್ಕೂ ಕಟ್ಟಿ, ಕಲಿಯುವವರ ಪರವಾನಗಿ ಕಿಸೆಯಲ್ಲಿಟ್ಟುಕೊಂಡು, ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಹೊರಟ. ಓಡಿಸುವುದು ಹತ್ತೇ ದಿನದಲ್ಲಿ ಬಂತು. ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಎಂಟರ ಅಂಕಿ ಬರೆದು ಅದರ ಮೇಲೆ ಕಾಲು ಊರದೆ ಎಷ್ಟು ತಿರುಗಿದನೆಂದರೆ, ಕಡೆಗೆ ಆ ಊರಿನ ಮಕ್ಕಳು ಏಳಾದ ಮೇಲೆ ಒಂಬತ್ತು ಎನ್ನತೊಡಗಿದರು, ಎಂಟು ಕೂಸಪ್ಪನದೆಂದು.

“ಮುಂದಿನ ಚಕ್ರ ನೋಡ್ಬೇಡ,” ಎಂದು ಡಾಕ್ಟರು ಮೈದಾನದ ಬದಿಯ ಬೆಂಚಿನಿಂದ ಕೂಗುವರು. “ಚಕ್ರ ನೋಡಿದವ ಬಿದ್ದ. ಹೋಗುವ ಜಾಗ ನೋಡು.”

“ನಿಮಗೆ ಕಾಣ್ತದಾ, ನಾನು ಎಲ್ಲಿ ನೋಡುದೂಂತ?”

“ಎಂಜಿನ್ ಅಳುದು ಕೇಳ್ತದೆ ಮಾರಾಯ.”

ಕೈಸೂಚನೆಯದೇ ದೊಡ್ಡ ಕಷ್ಟ. ಎಲ್ಲ ಸೂಚನೆಯೂ ಬಲಗೈಯಲ್ಲೇ, ಎಂಜಿನ್ನಿನ ವೇಗ ಏರಿಸುವ ಹಿಡಿಯೂ ಬಲಗೈಯಲ್ಲೇ. ಬಲಕ್ಕೆ ತಿರುಗುವುದಿದ್ದರೆ ಬಲಗೈಯನ್ನು ಅಡ್ಡಕ್ಕೆ ನೇರ ಚಾಚಿ ಅಂಗೈ ಮುಂದಕ್ಕೆ ಮಾಡಬೇಕು. ಎಡಕ್ಕಿದ್ದರೆ ಅದೇ ಕೈ ಚಾಚಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಬೇಕು. ನಿಧಾನಿಸುವಾಗ ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ನಿಲ್ಲುವಾಗ ಮುಂಗೈ ನೇರ ಮೇಲಕ್ಕೆ. ಹೆಚ್ಚಿನವರು ತಪ್ಪುವುದು ಇಲ್ಲೇ. ತಿರುಗುತ್ತಾ ತಿರುಗುತ್ತಾ ಕೈ ಚಾಚುತ್ತಾರೆ. ಗಾಡಿ ವಾಲಿರುತ್ತದೆ, ಹಿಡಿ ಬಿಟ್ಟಿರುತ್ತದೆ, ಮನುಷ್ಯ ಚರಂಡಿಯಲ್ಲಿರುತ್ತಾನೆ. ಮೊದಲೇ ಹಿಂದೆ ನೋಡಿ, ಕೈ ತೋರಿಸಿ, ಕೈಯನ್ನು ಮತ್ತೆ ಹಿಡಿಗೆ ತಂದು, ಆಮೇಲೆ ತಿರುಗಬೇಕು. ಇದನ್ನು ಕೂಸಪ್ಪ ಎಷ್ಟು ಅಭ್ಯಾಸ ಮಾಡಿದನೆಂದರೆ ಮನೆಯಲ್ಲಿ ಊಟದ ಎಲೆಯಿಂದ ಏಳುವಾಗಲೂ ಬಲಗೈ ಚಾಚುತ್ತಿದ್ದ. ಹೆಂಡತಿ ಮೋಹಿನಿ ಆ ಕೈಗೆ ಇನ್ನೊಂದು ಸೌಟು ಗಂಜಿ ಬಡಿಸುತ್ತಿದ್ದಳು.

ರಸ್ತೆಯ ಚಿಹ್ನೆಗಳನ್ನು ಅವನು ಔಷಧದ ಬಾಟಲಿಗಳ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕಪಾಟಿನ ಬಾಟಲಿಗಳಿಗೆ ಅಂಟಿಸಿದ. ಕೆಂಪು ತ್ರಿಕೋನ, ಅದರ ಕೆಳಗೆ ಒಂದು ಹಲಗೆ, ಹಲಗೆಯಲ್ಲಿ ಚಿತ್ರ. ಬಾಗಿದ ಗೆರೆ ಇದ್ದರೆ ತಿರುವು, ಎರಡು ಗೆರೆ ಕೂಡಿದ್ದರೆ ಅಡ್ಡರಸ್ತೆ. ಕುಂಬಳೆಯ ಕಡೆ ರೈಲು ಹಳಿ ದಾಟುವವರಿಗೆ ಮುಖ್ಯವಾದದ್ದು ಇನ್ನೆರಡು: ಬೇಲಿಯಂಥ ಗೇಟಿನ ಚಿತ್ರ ಮತ್ತು ಹೊಗೆ ಬಿಡುವ ಎಂಜಿನ್ನಿನ ಚಿತ್ರ. ಗೇಟಿನ ಚಿತ್ರವಿದ್ದರೆ ಗೇಟೂ ಉಂಟು, ಕಾಯುವವನೂ ಉಂಟು. ಎಂಜಿನ್ನಿನ ಚಿತ್ರವಿದ್ದರೆ ಯಾರೂ ಇಲ್ಲ, ನಿಂತು ಎರಡು ಬದಿ ನೀವೇ ನೋಡಿಕೊಳ್ಳಬೇಕು. ನೂರಕ್ಕೆ ತೊಂಬತ್ತು ಮಂದಿ ಇದನ್ನು ಉಲ್ಟಾ ಹೇಳಿ ಫೇಲಾಗುತ್ತಾರೆ. ಒಬ್ಬ ಮುದುಕನ ಕೆಮ್ಮಿನ ಔಷಧಿ ಎಂಜಿನ್ನಿನ ಚೀಟಿಯ ಬಾಟಲಿಯಲ್ಲೇ ಹೋಗಿಬಿಟ್ಟಿತು. ಆತ ಮರುದಿನ ಅದನ್ನು ವಾಪಸು ತಂದು, ‘ಇಷ್ಟು ಜೋರಿನದ್ದು ಬೇಡ’ ಎಂದ.

ಇಷ್ಟೆಲ್ಲ ಬಂದರೂ ಇಳಿಯುವ ರೋಗ ಹೋಗಲಿಲ್ಲ. ಭಾದ್ರಪದದಲ್ಲಿ ಮಂಗಳೂರಿನ ಇನ್‌ಸ್ಪೆಕ್ಟರು ಕಾಸರಗೋಡಿಗೆ ಬಂದಾಗ ಕೂಸಪ್ಪ ಮೊದಲ ಸಲ ಪರೀಕ್ಷೆಗೆ ಹೋದ. ಎಂಟು ಹಾಕಿದ, ಚಿಹ್ನೆ ಹೇಳಿದ, ರಸ್ತೆಯಲ್ಲಿ ಎಣ್ಣೆ ಹರಿದಂತೆ ಓಡಿಸಿದ. ಅಷ್ಟರಲ್ಲಿ ಎದುರಿಂದ ಯಾರೋ ಕರಿ ಕೋಟಿನ ವಕೀಲರು ಕೊಡೆ ಹಿಡಿದುಕೊಂಡು ಬಂದರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕೂಸಪ್ಪನ ಕಾಲಿಗೆ ಅದೆಲ್ಲ ಬೇಕಿಲ್ಲ. ರಸ್ತೆಯ ನಡುವೆ ಗಾಡಿ ನಿಂತಿತು, ಅವನು ಇಳಿದು ಮುಂಡಾಸು ತೆಗೆದ. ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯ ನೊಗ ಅವನ ಬೆನ್ನಿಗೆ ಒಂದು ಗೇಣು ದೂರದಲ್ಲಿ ನಿಂತಿತು. ವಕೀಲರೇ ಹೆದರಿ ಅಂಗಡಿಯ ಒಳಗೆ ಹೋದರು.

ಇನ್‌ಸ್ಪೆಕ್ಟರ ಹೆಸರು ಶಿವಸುಬ್ರಹ್ಮಣ್ಯಂ. ತಮಿಳು ನಾಲಗೆಯಲ್ಲಿ ಕನ್ನಡವನ್ನು ಅಳೆದು ಆಡುವವರು.

“ಯಾಕೆ ನಿಲ್ಲಿಸಿದ್ದು?”

“ದೊಡ್ಡವರು ಬಂದ್ರು ಸ್ವಾಮಿ.”

“ನಿನ್ನ ಹಿಂದೆ ಗಾಡಿ ಬಂತು. ಅದು ದೊಡ್ಡದಲ್ಲವಾ?” ಎಂದು ಕಾಗದದ ಮೇಲೆ ಬರೆದರು: ಸೂಚನೆ ಕೊಡದೆ ರಸ್ತೆ ನಡುವೆ ನಿಲ್ಲಿಸಿದ್ದು. “ಮುಂದಿನ ತಿಂಗಳು ಬಾ. ಆಗಲೂ ಹೀಗೆ ಮಾಡಿದರೆ ಮತ್ತೆ ಬರಬೇಡ.”

ಡಾಕ್ಟರು ಚಿಕಿತ್ಸೆ ಶುರು ಮಾಡಿದರು. ತಮ್ಮ ಕೋಟನ್ನು ಒಂದು ಕಂಬಕ್ಕೆ ಸಿಕ್ಕಿಸಿ, ಮೇಲೆ ಜರಿಯ ಶಾಲು ಹೊದಿಸಿ, ಕೊಡೆ ಬಿಡಿಸಿ ಕಟ್ಟಿ ತಿರುವಿನಲ್ಲಿ ನಿಲ್ಲಿಸಿದರು. ಇಳಿಯದೆ ಅದರ ಎದುರು ನಲುವತ್ತು ಸಲ ಹಾದುಹೋಗಬೇಕು. ಮೊದಲ ಹದಿನೇಳು ಸಲ ಕೂಸಪ್ಪ ಕಂಬಕ್ಕೆ ಇಳಿದ. ಮೋಹಿನಿ ಕಟ್ಟೆಯ ಮೇಲೆ ಕುಳಿತು ಎಣಿಸುತ್ತಿದ್ದಳು.

“ಅದು ಡಾಕ್ಟ್ರ ಕೋಟು, ನೋಡಿ, ಬಗಲಲ್ಲಿ ಹರಿದದ್ದು ನಾನೇ ಹೊಲಿದದ್ದು,” ಎಂದಳು.

“ಗೊತ್ತುಂಟು.”

“ಗೊತ್ತಿದ್ರೆ ಯಾಕೆ ಇಳಿಯುದು?”

“ನನಗೆ ಗೊತ್ತುಂಟು ಮೋಹಿನಿ. ಕಾಲಿಗೆ ಗೊತ್ತಿಲ್ಲ.”

ಹದಿನೆಂಟನೆಯ ಸಲ ಇಳಿಯಲಿಲ್ಲ. ನಲುವತ್ತು ಮುಗಿಯುವಾಗ ಕಂಬದ ಎದುರು ಸೂಚನೆ ಕೊಟ್ಟು ತಿರುಗುವಷ್ಟು ಧೈರ್ಯ ಬಂದಿತ್ತು. ಡಾಕ್ಟರು ರೋಗ ಗುಣವಾಯಿತೆಂದು ಬರೆದೇಬಿಟ್ಟರು. ಆದರೆ ಕೂಸಪ್ಪನ ರೋಗ ಕಾಲಿನಲ್ಲಿ ಇರಲಿಲ್ಲ, ಗದ್ದೆಯಲ್ಲಿತ್ತು. ಅದನ್ನು ಡಾಕ್ಟರಿಗೆ ಅವನು ಹೇಳಿರಲಿಲ್ಲ.

ಅವನ ತಾಯಿ ಅಪ್ಪಿ ಉಳುತ್ತಿದ್ದ ಒಂದೂವರೆ ಎಕರೆ ಗದ್ದೆ ಲೋಕನಾಥ ಆಳ್ವರದು. ಕಾಗದ ಪತ್ರವಿಲ್ಲದ ಗೇಣಿ, ವರ್ಷವರ್ಷವೂ ಧಣಿಯ ಒಂದು ತಲೆಯಾಡಿಸುವಿಕೆಯ ಮೇಲೆ ನಡೆಯುವಂಥದು. ಆಳ್ವರು ಬೈಯುವವರಲ್ಲ, ಹೊಡೆಯುವವರೂ ಅಲ್ಲ. ಅವರು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರು ಬದುಕಿಲ್ಲ, ಏಕೆಂದರೆ ಅವರು ಹಾಗೆ ಮಾತಾಡಿದ್ದೇ ಇಲ್ಲ. ಹಿಂದಿನ ವರ್ಷ ಪಕ್ಕದ ಗದ್ದೆಯ ಚೋಮ ಬಾಡಿಗೆ ಸೈಕಲಿನಲ್ಲಿ ಇಳಿಜಾರಿನಲ್ಲಿ ಬರುವಾಗ ಬ್ರೇಕು ಹಿಡಿಯದೆ ಅವರ ಎದುರಿನಿಂದ ಹಾಗೆಯೇ ಹೋಗಿಬಿಟ್ಟಿದ್ದ. ಆಳ್ವರು ಏನೂ ಅನ್ನಲಿಲ್ಲ. ಸುಗ್ಗಿಯ, ಅಂದರೆ ಎರಡನೇ ಬೆಳೆಯ, ಬಿತ್ತನೆಗೆ ಆ ಗದ್ದೆಗೆ ಬೇರೆಯವನ ಎತ್ತು ಇಳಿಯಿತು. ಚೋಮ ಈಗ ಕುಂಬಳೆ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದ.

ಪರೀಕ್ಷೆಯ ಹಿಂದಿನ ಸಂಜೆ ಅಪ್ಪಿ ಗದ್ದೆಯ ಬದುವಿನಲ್ಲಿ ನಿಂತು ಪೈರು ನೋಡುತ್ತಿದ್ದಳು. ಮಳೆಗಾಲದ ಏಣೆಲು ಬೆಳೆಯ ಪೈರು ಬಂಗಾರದ ಬಣ್ಣಕ್ಕೆ ತಿರುಗಿತ್ತು, ಕೊಯ್ಲಿಗೆ ಇನ್ನು ನಾಲ್ಕೈದು ದಿನ.

“ನಾಳೆ ಶುಕ್ರವಾರ ಮಗಾ,” ಎಂದಳು. “ಧಣಿಗೆ ಕಾಸರಗೋಡು ಕೋರ್ಟಲ್ಲಿ ಕೇಸುಂಟು. ಉಪ್ಪಳದಿಂದ ಬೆಳಿಗ್ಗಿನ ಬಸ್ಸಿಗೆ ಹೋಗ್ತಾರಂತೆ.”

“ಊರು ದೊಡ್ಡದುಂಟು ಅಮ್ಮ. ಎದುರು ಸಿಗ್ಲಿಕ್ಕಿಲ್ಲ.”

“ಸಿಕ್ಕಿದ್ರೆ?”

ಕೂಸಪ್ಪ ಹುಲ್ಲಿನ ಒಂದು ಎಸಳು ಕಿತ್ತು ಕಚ್ಚಿದ.

“ಸಿಕ್ಕಿದ್ರೆ ಇಳಿ,” ಎಂದಳು ಅಪ್ಪಿ. “ಇಳಿದ್ರೆ ಕಾಲು ಸವೆಯುದಿಲ್ಲ. ನಿನ್ನ ಅಪ್ಪ ಜೀವಮಾನ ಇಡೀ ದಾರಿ ಬಿಟ್ಟು ಚರಂಡಿಯಲ್ಲೇ ನಡೆದದ್ದು. ಆ ಚರಂಡಿಯಿಂದಲೇ ಈ ಅಕ್ಕಿ.”

“ಇಳಿದ್ರೆ ಲೈಸೆನ್ಸು ಇಲ್ಲ. ಲೈಸೆನ್ಸು ಇಲ್ಲದಿದ್ರೆ ಡಾಕ್ಟ್ರು ಇಲ್ಲ.”

“ಹಾಗಾದ್ರೆ ನೀನೇ ನೋಡು. ನನಗೆ ಆ ಕೆಂಪು ಬೋರ್ಡೆಲ್ಲ ಅರ್ಥ ಆಗುದಿಲ್ಲ.”

ಆ ರಾತ್ರಿ ಕೂಸಪ್ಪ ಮಲಗಿದಲ್ಲೇ ಕಾಸರಗೋಡಿಗೆ ಮುನ್ನೂರು ಸಲ ಹೋಗಿ ಬಂದ. ಪ್ರತಿಸಲವೂ ದಾರಿಯಲ್ಲಿ ಆಳ್ವರಿದ್ದರು.

ಬೆಳಿಗ್ಗೆ ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಕುಂಬಳೆಯ ದಾರಿಯಾಗಿ ಕಾಸರಗೋಡಿಗೆ ಹೋದಾಗ ಪ್ರವಾಸಿ ಬಂಗಲೆಯ ಅಂಗಳದಲ್ಲಿ ಇನ್‌ಸ್ಪೆಕ್ಟರು ಮೇಜು ಹಾಕಿ ಕುಳಿತಿದ್ದರು. ಇನ್ನೂ ಇಬ್ಬರು ಬಂದಿದ್ದರು. ಒಬ್ಬ ಎಂಟಿನ ನಡುವೆ ಕಾಲು ಊರಿದ. ಇನ್ನೊಬ್ಬ ಎಂಜಿನ್ನಿನ ಚಿತ್ರ ತೋರಿಸಿದಾಗ ‘ಅಲ್ಲಿ ಗೇಟು ಉಂಟು ಸಾರ್’ ಎಂದ. ಇಬ್ಬರೂ ಫೇಲಾಗಿ ಟೋಪಿ ಹಾಕಿಕೊಂಡು ಹೋದರು.

ಕೂಸಪ್ಪನ ಸರದಿ ಬಂತು. ಇಪ್ಪತ್ತೈದು ಗಜ ದೂರದ ಕಾರಿನ ನಂಬರು ಓದಿದ. ಅದನ್ನು ಕೇಳಿ ಡಾಕ್ಟರು ಬೆಂಚಿನಲ್ಲಿ ತಲೆ ಬಗ್ಗಿಸಿದರು. ಅವರಿಗೆ ಅಲ್ಲಿ ಕಾರು ಇರುವುದೇ ಗೊತ್ತಿರಲಿಲ್ಲ. ಎಂಜಿನ್ನಿನ ಚಿತ್ರಕ್ಕೆ “ಗೇಟಿಲ್ಲ, ನಾನೇ ನೋಡ್ಬೇಕು” ಎಂದ. ಎದುರಿಂದ ಜಾನುವಾರು ಬಂದರೆ, ರಸ್ತೆ ಕೆಲಸದವರಿದ್ದರೆ ಎಷ್ಟು ವೇಗ ಎಂದದ್ದಕ್ಕೆ ಗಂಟೆಗೆ ಹದಿನೈದು ಮೈಲಿಗಿಂತ ಹೆಚ್ಚಿಲ್ಲ ಎಂದ. ಎಂಟನ್ನು ಎಷ್ಟು ಚೆಂದಕ್ಕೆ ಹಾಕಿದನೆಂದರೆ ಅದನ್ನು ಅಳಿಸಲು ಬಂದ ಜವಾನ ಪೊರಕೆ ಎತ್ತಲು ಮನಸ್ಸಿಲ್ಲದೆ ಹಿಂದೆ ಹೋದ.

“ಈಗ ರಸ್ತೆ,” ಎಂದರು ಇನ್‌ಸ್ಪೆಕ್ಟರು. “ಒಬ್ಬನೇ ಹೋಗು. ಮುಂದೆ ಕವಲು ಇದೆ. ಬಲಕ್ಕೆ, ಕೋರ್ಟಿನ ದಾರಿಗೆ ತಿರುಗು. ಮೂಲೆ ಕತ್ತರಿಸಬಾರದು. ನೂರು ಗಜ ಹೋಗಿ ಎಡಬದಿಗೆ ನಿಲ್ಲಿಸು. ನಾನು ಕವಲಿನಲ್ಲಿ ನಿಂತು ನೋಡುತ್ತೇನೆ.”

ಕೋರ್ಟಿನ ದಾರಿ ಎಂದ ಕೂಡಲೇ ಕೂಸಪ್ಪ ಮುಂಡಾಸನ್ನು ಇನ್ನೊಮ್ಮೆ ಬಿಗಿದ. ಬೇರೆ ದಾರಿ ಕೊಡಿ ಎನ್ನಲು ಕಾರಣ ಬೇಕು. ಆ ಕಾರಣ ಯಾವ ಸರಕಾರಿ ಪುಸ್ತಕದಲ್ಲೂ ಇಲ್ಲ.

ಗಾಡಿ ಹೊರಟಿತು. ಕವಲಿಗೆ ಅರುವತ್ತು ಗಜ ಇರುವಾಗ ಬಲಬದಿಯ ಮೂಲೆಯಲ್ಲಿ ಒಂದು ಕೊಡೆ ಕಂಡಿತು. ಕೊಡೆಯ ಕೆಳಗೆ ಜರಿಯ ಶಾಲು, ಶಾಲಿನೊಳಗೆ ಲೋಕನಾಥ ಆಳ್ವರು. ರಸ್ತೆ ದಾಟಲೆಂದು ಅಂಚಿನಲ್ಲಿ ನಿಂತು, ಗಾಡಿಯ ಸದ್ದಿಗೆ ಮುಖ ತಿರುಗಿಸಿ ನೇರ ಇವನನ್ನೇ ನೋಡುತ್ತಿದ್ದರು. ಗುರುತು ಹಿಡಿದದ್ದು ಅವರ ಹುಬ್ಬಿನಲ್ಲೇ ಕಂಡಿತು. ಇಪ್ಪತ್ತು ಹೆಜ್ಜೆ ಈಚೆಗೆ ಇನ್‌ಸ್ಪೆಕ್ಟರು, ಕೈಯಲ್ಲಿ ಕಾಗದ.

ಆ ಅರುವತ್ತು ಗಜ ಭೂಮಿಯ ಮೇಲಿನ ಅತಿ ಉದ್ದದ ದಾರಿ. ಅಲ್ಲಿ ಕೂಸಪ್ಪನಿಗೆ ಎಡಗಾಲು ಮೆಲ್ಲನೆ ನೆಲದ ಕಡೆಗೆ ಜಾರುತ್ತಿರುವುದು ಗೊತ್ತಾಯಿತು. ನಲುವತ್ತು ಸಲ ಕಂಬದ ಎದುರು ಕಲಿತದ್ದೆಲ್ಲ ಆ ಕಾಲಿಗೆ ಮರೆತುಹೋಗಿತ್ತು. ಕಂಬಕ್ಕೆ ಗದ್ದೆ ಇರಲಿಲ್ಲವಲ್ಲ. ಇಲ್ಲಿ ನಿಲ್ಲಿಸಬಹುದು. ಮುಂಗೈ ಎತ್ತಿ ಸೂಚನೆ ಕೊಟ್ಟೇ ನಿಲ್ಲಿಸಬಹುದು ಎಂದೂ ಒಂದು ಯೋಚನೆ ಬಂತು. ಆದರೆ ಕವಲಿನ ಬಾಯಲ್ಲಿ ನಿಲ್ಲುವಂತಿಲ್ಲ. ಹಿಂದೆ ನೋಡಿದ. ಬಸ್ಸೊಂದು ಬರುತ್ತಿತ್ತು, ಹತ್ತಿರದಲ್ಲೇ. ಅದರ ಡ್ರೈವರಿಗೆ ಆಳ್ವರು ಯಾರೆಂದು ಗೊತ್ತಿಲ್ಲ, ಕೂಸಪ್ಪ ಯಾರೆಂದೂ ಗೊತ್ತಿಲ್ಲ. ಅವನಿಗೆ ಗೊತ್ತಾಗಬೇಕಾದದ್ದು ಈ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ.

ಕೂಸಪ್ಪ ಬಲಗೈ ಚಾಚಿದ. ಅಡ್ಡಕ್ಕೆ, ನೇರ, ಅಂಗೈ ಮುಂದಕ್ಕೆ. ಅದು ಧಣಿಯ ಮುಖದ ಕಡೆಗೇ ಚಾಚಿದ ಕೈ. ಅವನ ತಂದೆಯ, ಅಜ್ಜನ, ಮುತ್ತಜ್ಜನ ಕಾಲದಿಂದ ಆ ಮನೆಯವರ ಎದುರು ಕೂಸಪ್ಪನ ಕಡೆಯ ಯಾವ ಕೈಯೂ ಮೊಣಕೈಯಿಂದ ಆಚೆಗೆ ಬಿಚ್ಚಿಕೊಂಡಿರಲಿಲ್ಲ. ಬಸ್ಸು ನಿಧಾನಿಸಿತು. ಅವನು ಕೈಯನ್ನು ಹಿಡಿಗೆ ತಂದು, ರಸ್ತೆಯ ನಡುವಿಗೆ ಸರಿದು, ಗೇರು ಇಳಿಸಿ, ಎರಡು ರಸ್ತೆಯ ನಡುಗೆರೆ ಕೂಡುವಲ್ಲಿಂದ ಆಚೆಗೆ ಹಾದು, ಮೂಲೆ ಕತ್ತರಿಸದೆ ತಿರುಗಿದ. ಮುಂಡಾಸು ತಲೆಯ ಮೇಲೆಯೇ ಇತ್ತು. ಆಳ್ವರ ಚಪ್ಪಲಿಯಿಂದ ಮೂರು ಮಾರು ದೂರದಲ್ಲಿ ಚಕ್ರ ಹಾದುಹೋಯಿತು. ಅವರ ಕಡೆ ನೋಡಲಿಲ್ಲ. ಹೋಗುವ ಜಾಗ ನೋಡಿದ. ನೂರು ಗಜ ಹೋಗಿ ಮುಂಗೈ ಎತ್ತಿ ಎಡಕ್ಕೆ ನಿಲ್ಲಿಸಿದಾಗ ಕೈ ಇಳಿಸಲು ಬರಲಿಲ್ಲ, ಹಾಗೆಯೇ ನಿಂತಿತು.

ಇನ್‌ಸ್ಪೆಕ್ಟರು ನಡೆದು ಬಂದು ಗಾಡಿಯ ಸೀಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

“ಕೈ ಇಳಿಸು. ಪಾಸು. ಲೈಸೆನ್ಸು ಮಂಗಳೂರಿನಿಂದ ಅಂಚೆಯಲ್ಲಿ ಬರುತ್ತದೆ.” ಆಮೇಲೆ ಅವನ ಮುಖ ನೋಡಿ ಕೇಳಿದರು. “ಮೈ ಸರಿ ಇಲ್ಲವಾ?”

“ಸರಿ ಉಂಟು ಸ್ವಾಮಿ.”

ಇನ್‌ಸ್ಪೆಕ್ಟರು ಹೋದ ಮೇಲೆ ಕೂಸಪ್ಪ ಗಾಡಿಯನ್ನು ಅಲ್ಲೇ ಬಿಟ್ಟು, ಮುಂಡಾಸು ತೆಗೆದು, ಮುಂಡು ಇಳಿಸಿ, ನಡೆದು ಕೋರ್ಟಿನ ಜಗಲಿಗೆ ಹೋದ. ಆಳ್ವರು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಅವನು ಮೆಟ್ಟಿಲ ಕೆಳಗೆ ನಿಂತ.

“ಧಣಿಗಳು ತಪ್ಪು ತಿಳೀಬಾರದು. ಅದು ಪರೀಕ್ಷೆ. ಬಲಕ್ಕೆ ತಿರುಗುವಾಗ ಹಾಗೆ ಕೈ ಮಾಡ್ಬೇಕೂಂತ ಕಾನೂನುಂಟು. ಇಳಿದಿದ್ರೆ ಹಿಂದಿನಿಂದ ಬಸ್ಸು...”

ಆಳ್ವರು ಅವನ ಕಾಲಿನ ಹತ್ತಿರದ ನೆಲ ನೋಡಿದರು.

“ಪಾಸಾಯ್ತಾ?” ಎಂದರು.

“ಆಯ್ತು ಧಣಿ.”

“ಒಳ್ಳೇದಾಯ್ತು.” ಅಷ್ಟೇ. ನಿಜಕ್ಕೂ ಅಷ್ಟೇ ಅಂದರು. ಮತ್ತೆ ವಕೀಲರ ಕಡೆ ತಿರುಗಿದರು. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ನಗುವಿನಂಥ ಆ ಒಂದು ಮಾತಿನಲ್ಲಿ ಹಿಡಿಯಲು ಏನೂ ಇರಲಿಲ್ಲ.

ವಾಪಸು ಬರುವಾಗ ಡಾಕ್ಟರು ಹಿಂದಿನಿಂದ ಮಾತಾಡುತ್ತಲೇ ಇದ್ದರು. ದೀಪಾವಳಿಗೆ ಡಿಸ್ಪೆನ್ಸರಿಗೆ ಸುಣ್ಣ ಬಳಿಸುವುದು, ಮೀಂಜದ ಬಾಣಂತಿಯನ್ನು ನಾಳೆಯೇ ನೋಡುವುದು, ಬೇಸಗೆಯಲ್ಲಿ ಮಂಗಳೂರಿಗೆ ಹೋಗಿ ಕಣ್ಣಿನ ಪೊರೆ ತೆಗೆಸುವುದು. ಕೂಸಪ್ಪ ಹೂಂ ಎನ್ನುತ್ತಿದ್ದ. ಪೈವಳಿಕೆಯ ಏರಿನಲ್ಲಿ ಡಾಕ್ಟರು ಎಂಜಿನ್ನಿಗೆ ಕಿವಿಗೊಟ್ಟರು.

“ಎಂತ ಆಯ್ತು ಮಾರಾಯ? ಪಾಸಾದವನ ಹಾಗೆ ಎಂಜಿನ್ ಕೇಳುದಿಲ್ಲ.”

“ಏರಲ್ಲವಾ ಡಾಕ್ಟ್ರೇ, ಹಾಗೆ ಕೇಳುದು.”

ಡಾಕ್ಟರನ್ನು ಇಳಿಸಿ ಅವನು ಮನೆಗೆ ಬಂದಾಗ ಅಪ್ಪಿ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದಳು, ಮೋಹಿನಿ ಬಾಗಿಲಲ್ಲಿ ನಿಂತಿದ್ದಳು. ಅವನು ಕಾಗದ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಓದಲು ಬರುತ್ತಿದ್ದ ಮೋಹಿನಿ ಓದಿ ಮುಖ ಅರಳಿಸಿದಳು. ಅಪ್ಪಿ ಕಾಗದದ ಕಡೆ ನೋಡಲೇ ಇಲ್ಲ.

“ಧಣಿ ಸಿಕ್ಕಿದ್ರಾ?”

“ಸಿಕ್ಕಿದ್ರು.”

“ಇಳಿದ್ಯಾ?”

“ಇಲ್ಲ ಅಮ್ಮ. ಆಮೇಲೆ ಹೋಗಿ ಹೇಳಿದೆ.”

“ಎಂತ ಅಂದ್ರು?”

“ಒಳ್ಳೇದಾಯ್ತು ಅಂದ್ರು.”

ಮಸೆಯುವ ಸದ್ದು ನಿಂತಿತು. ಅಪ್ಪಿ ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ನೋಡಿ ಎದ್ದಳು. ಬೆಳಕು ಇನ್ನೂ ಒಂದು ಗಂಟೆಯಷ್ಟಿತ್ತು.

“ಮೋಹಿನಿ, ನಿನ್ನ ಕತ್ತಿಯೂ ತಾ,” ಎಂದಳು. “ಚೋಮನಿಗೂ ಧಣಿ ಬೈದಿರಲಿಲ್ಲ. ನಾಲ್ಕು ದಿನ ಕಾಯುದು ಬೇಡ. ಹಸಿಯಾದರೂ ಅಡ್ಡಿಯಿಲ್ಲ, ಒಳಗೆ ಬಂದದ್ದು ನಮ್ಮದು.” ಅಂಗಳ ದಾಟುವಾಗ ಮಗನ ಕಡೆ ತಿರುಗಿದಳು. “ನೀನು ಅದನ್ನು ಬದಿಗೆ ನಿಲ್ಲಿಸಿ ಬಾ. ಮೂವರಾದ್ರೆ ಮೇಲಿನ ಗದ್ದೆ ಇವತ್ತೇ ಮುಗೀತದೆ.”

ಕೂಸಪ್ಪ ಗಾಡಿಯನ್ನು ಹಲಸಿನ ಮರದ ಬದಿಗೆ ನಿಲ್ಲಿಸಿ, ಮುಂಡು ಎತ್ತಿ ಕಟ್ಟಿ ಗದ್ದೆಗಿಳಿದ. ಪೈರಿನ ಬುಡ ಇನ್ನೂ ಹಸಿರಾಗಿತ್ತು. ಕತ್ತಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ.